ತಲೆ ಸವೆದ ಡ್ರೇನ್ ಬೋಲ್ಟ್: ಸಂಪಿನ ಥ್ರೆಡ್ ಉಳಿಸ್ಕೊಂಡು ಬಿಚ್ಚೋದು ಹೇಗೆ?

ಪ್ರಶ್ನೆ: ಸರ್, ನನ್ನ ಕಾರಿಗೆ ಆಯಿಲ್ ನಾನೇ ಚೇಂಜ್ ಮಾಡೋಣ ಅಂತ ಕೂತೆ. ಇಂಜಿನ್ ತಳದ ಆಯಿಲ್ ತೊಟ್ಟಿ, ಅದೇ ಸಂಪ್, ಅಲ್ಯೂಮಿನಿಯಂದು, ಆಯಿಲ್ ಇಳಿಸೋ ಡ್ರೇನ್ ಬೋಲ್ಟಿಗೆ 17 ಎಂಎಂ ತಲೆ. ಬೋಲ್ಟ್ ಅಲ್ಲಾಡ್ಲೇ ಇಲ್ಲ, ರಿಂಗ್ ಸ್ಪಾನರಿಗೆ ಪೈಪ್ ಸಿಕ್ಕಿಸಿ ಎಳೆದೆ, ಎರಡು ಸಲ ಜಾರಿ ಮೂಲೆ ಎಲ್ಲ ಗುಂಡಗಾಯ್ತು. ಎರಡು ರಾತ್ರಿ ಪೆನಿಟ್ರೇಟಿಂಗ್ ಆಯಿಲ್ ಹೊಡೆದಿಟ್ಟೆ, ಏನೂ ಉಪಯೋಗ ಆಗ್ಲಿಲ್ಲ. ಒಬ್ಬ ಫ್ರೆಂಡ್ ಇಂಪ್ಯಾಕ್ಟ್ ಗನ್ ಅಂತಾನೆ, ಇನ್ನೊಬ್ಬ ಬ್ಲೋ ಟಾರ್ಚಲ್ಲಿ ಕಾಯಿಸು ಅಂತಾನೆ, ಮತ್ತೊಬ್ಬ ಡ್ರಿಲ್ ಮಾಡು ಅಂತಾನೆ. ಸಂಪಿನ ಥ್ರೆಡ್ ಹೋಗ್ಬಿಟ್ರೆ ಇಡೀ ಸಂಪೇ ಬದಲಾಯಿಸ್ಬೇಕಲ್ಲ ಅಂತ ಭಯ. ಏನ್ ಮಾಡ್ಲಿ?

ಉತ್ತರ: ಮೊದಲು ಪಾನಾ ಕೆಳಗಿಡಿ. ಬೋಲ್ಟ್ ಸೋರ್ತಿಲ್ಲ, ಆಯಿಲ್ ಒಳಗಡೆ ಇದೆ, ಗಾಡಿ ಓಡತ್ತೆ. ಹಾಗಾಗಿ ಇವತ್ತೇ ಬಿಚ್ಚಲೇಬೇಕು ಅನ್ನೋ ಅರ್ಜೆಂಟ್ ಇಲ್ಲ. ನಾನು ನೋಡಿರೋ ಹಾಳಾದ ಸಂಪ್‌ಗಳಲ್ಲಿ ಜಾಸ್ತಿ ಹಾಳಾಗಿರೋದು ಮೊದಲನೇ ತಪ್ಪಿಂದ ಅಲ್ಲ, ಆ ತಪ್ಪಾದ ಸಿಟ್ಟಲ್ಲಿ ಮುಂದಿನ ಅರ್ಧ ಗಂಟೆ ಏನೇನೋ ಮಾಡಿರ್ತಾರಲ್ಲ ಅದರಿಂದ.

ಒಂದು ವಿಷಯ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಯಾವ ಕಡೆಗೆ ತಿರುಗಿಸಿದ್ರಿ? ಗಾಡಿ ಕೆಳಗೆ ಅಂಗಾತ ಮಲಗಿ, ಕೈ ತಲೆ ಮೇಲೆ ಚಾಚಿ, ಬೋಲ್ಟನ್ನ ಓರೆಯಾಗಿ ನೋಡ್ತಾ ಇರುವಾಗ ಎಡ ಯಾವುದು ಬಲ ಯಾವುದು ಅಂತ ತಲೆ ಕೆಡತ್ತೆ, ವರ್ಷಗಟ್ಟಲೆ ಕೆಲಸ ಮಾಡಿದವರೂ ಉಲ್ಟಾ ತಿರುಗಿಸಿ ಇನ್ನೂ ಬಿಗಿ ಮಾಡಿರೋದನ್ನ ನೋಡಿದೀನಿ. ನಿಯಮ ಒಂದೇ, ಬೋಲ್ಟಿನ ತಲೆ ನಿಮ್ಮ ಮುಖಕ್ಕೆ ನೇರ ಎದುರಿಗಿದೆ ಅಂತ ಅಂದ್ಕೊಂಡು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸ್ಬೇಕು. ಸಂಪಿನ ಮೇಲೆ ಬೋಲ್ಟಿನ ಪಕ್ಕದಲ್ಲೇ ಮಾರ್ಕರಲ್ಲಿ ಒಂದು ಬಾಣ ಬರೆದಿಟ್ಕೊಳ್ಳಿ, ಜೊತೆಗೆ ಬೋಲ್ಟಿನ ತಲೆಯಿಂದ ಸಂಪಿನವರೆಗೆ ಒಂದು ನೇರ ಗೆರೆ ಎಳೀರಿ. ಆ ಗೆರೆ ಮುಂದೆ ಬಹಳ ಕೆಲಸಕ್ಕೆ ಬರತ್ತೆ, ಯಾಕಂದ್ರೆ ತಿರುಗಿದ್ದು ಬೋಲ್ಟೋ ಅಥವಾ ತಲೆ ಮೇಲೆ ಜಾರಿದ ಸಾಕೆಟ್ಟೋ ಅಂತ ಕೈಗೆ ಗೊತ್ತಾಗಲ್ಲ, ಗೆರೆ ನೋಡಿದ್ರೆ ಗೊತ್ತಾಗತ್ತೆ.

ಈಗ ಮುಖ್ಯ ವಿಷಯ. "ಡ್ರೇನ್ ಬೋಲ್ಟ್ ಸ್ಲಿಪ್ ಆಗಿದೆ" ಅಂತ ಜನ ಎರಡು ಬೇರೆ ಬೇರೆ ರೋಗಕ್ಕೆ ಒಂದೇ ಹೆಸರಲ್ಲಿ ಹೇಳ್ತಾರೆ. ಒಂದು, ತಲೆಯ ಮೂಲೆ ಸವೆದು ಪಾನಾ ಹಿಡೀತಿಲ್ಲ, ಬೋಲ್ಟ್ ಮಾತ್ರ ಗಟ್ಟಿಯಾಗಿ ಕೂತಿದೆ. ಇನ್ನೊಂದು, ತಲೆ ಚೆನ್ನಾಗಿದೆ, ಬೋಲ್ಟ್ ಆರಾಮಾಗಿ ತಿರುಗ್ತಾ ಇದೆ, ಆದ್ರೆ ಹೊರಗೆ ಬರ್ತಿಲ್ಲ, ಅಂದ್ರೆ ಒಳಗಿನ ಥ್ರೆಡ್ ಹೋಗಿದೆ. ನಿಮ್ಮದು ಮೊದಲನೇದು. ಬೋಲ್ಟ್ ಅಲ್ಲಾಡಿಲ್ಲ ಅಂತ ನೀವೇ ಹೇಳ್ತಿದೀರಿ, ಅಂದ್ಮೇಲೆ ಸಂಪಿನ ಥ್ರೆಡ್ ಇವತ್ತಿನ ಮಟ್ಟಿಗೆ ಬಹುಪಾಲು ಸರಿಯಾಗೇ ಇರತ್ತೆ. ಹಾಳಾಗಿರೋದು ಬಿಚ್ಚಿದ ಮೇಲೆ ಹೇಗಿದ್ರೂ ಎಸೆಯೋ ಬೋಲ್ಟಿನ ತಲೆ ಅಷ್ಟೇ.

ಪೆನಿಟ್ರೇಟಿಂಗ್ ಆಯಿಲ್ ಯಾಕೆ ಕೆಲಸ ಮಾಡ್ಲಿಲ್ಲ ಅಂದ್ರೆ, ಅದು ಥ್ರೆಡ್ಡಿಗೆ ಹೋಗೋ ದಾರಿಯೇ ಇಲ್ಲ. ತಲೆ ಕೆಳಗೆ ವಾಷರ್ ಒತ್ಕೊಂಡು ಕೂತಿದೆ, ಒಳಗಿನ ಆಯಿಲ್ ಹೊರಗೆ ಬರಬಾರದು ಅಂತ್ಲೇ ಅದು ಇರೋದು, ಹೊರಗಿನದು ಒಳಗೆ ಹೇಗೆ ಹೋಗತ್ತೆ? ಅಲ್ಲದೆ ಆ ಥ್ರೆಡ್ ಒಳಗಿನಿಂದ ಯಾವಾಗ್ಲೂ ಇಂಜಿನ್ ಆಯಿಲಲ್ಲೇ ನೆನೀತಾ ಇರತ್ತೆ, ಅಲ್ಲಿ ತುಕ್ಕು ಹಿಡಿಯೋದು ಬಹಳ ಅಪರೂಪ. ತಲೆಯ ಅಂಚಲ್ಲಿ ಹೊರಗಡೆ ತುಕ್ಕು ಕೂತಿದ್ರೆ ಸ್ವಲ್ಪ ಸಹಾಯ ಆಗಬಹುದು, ಅದಕ್ಕಿಂತ ಜಾಸ್ತಿ ಏನಿಲ್ಲ.

ಹಾಗಾದ್ರೆ ಬೋಲ್ಟನ್ನ ಹಿಡ್ಕೊಂಡಿರೋದು ಏನು? ಹಿಂದೆ ಯಾರೋ ಅತಿಯಾಗಿ ಬಿಗಿ ಮಾಡಿದ್ದು. ಸಾಮಾನ್ಯ ಕಥೆ ಹೀಗಿರತ್ತೆ: ಹಳೇ ಚಪ್ಪಟೆಯಾದ ವಾಷರನ್ನೇ ಮತ್ತೆ ಹಾಕಿರ್ತಾರೆ, ಒಂದೊಂದು ಹನಿ ತೊಟ್ಟಿಕ್ಕತ್ತೆ, ಅದನ್ನ ನಿಲ್ಲಿಸೋಕೆ ಇನ್ನೊಂದು ಕಾಲು ಸುತ್ತು, ಮುಂದಿನ ಸರ್ವೀಸಲ್ಲಿ ಮತ್ತೊಂದು ಕಾಲು ಸುತ್ತು. ಇಲ್ಲಿ ಒಂದು ಲೆಕ್ಕ ತಿಳ್ಕೊಂಡ್ರೆ ಮುಂದಿನದೆಲ್ಲ ಸುಲಭ. ಯಾವುದೇ ಬೋಲ್ಟ್ ಬಿಗಿ ಮಾಡುವಾಗ ನಾವು ಹಾಕೋ ಬಲದಲ್ಲಿ ಹೆಚ್ಚುಕಮ್ಮಿ ಅರ್ಧ ಹೋಗೋದು ತಲೆ ಕೆಳಗಿನ ಉಜ್ಜಾಟಕ್ಕೆ, ಸುಮಾರು ನೂರಕ್ಕೆ ನಲವತ್ತು ಥ್ರೆಡ್ಡಿನ ಉಜ್ಜಾಟಕ್ಕೆ, ಉಳಿದ ಹತ್ತರಷ್ಟು ಮಾತ್ರ ನಿಜವಾಗಿ ಹಿಡಿದಿಡೋಕೆ. ಅಂದ್ರೆ ನಿಮ್ಮ ಬೋಲ್ಟ್ ಬಿಚ್ಚೋಕೆ ಅಡ್ಡ ಇರೋದರಲ್ಲಿ ಅರ್ಧ ಆ ವಾಷರಿನ ಹತ್ರ ಇದೆ, ಥ್ರೆಡ್ಡಲ್ಲಿ ಅಲ್ಲ. ಆ ಹಿಡಿತವನ್ನ ಒಂದು ಸಲ ಬಿಡಿಸಿದ್ರೆ ಉಳಿದದ್ದು ತಾನಾಗೇ ಬರತ್ತೆ.

ಫ್ರೆಂಡ್ಸ್ ಹೇಳಿದ ಮೂರು ಉಪಾಯಗಳ ಬಗ್ಗೆ ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ. ಬ್ಲೋ ಟಾರ್ಚ್ ಅಂತೂ ಬೇಡವೇ ಬೇಡ. ಆಯಿಲ್ ತುಂಬಿದ ಪಾತ್ರೆಗೆ ಬೆಂಕಿ ಹಿಡಿಯೋದು, ಸುತ್ತಲೂ ಆಯಿಲ್ ಜಿಡ್ಡು, ಮೇಲೆ ನೀವೇ ಎರಡು ರಾತ್ರಿ ಹೊಡೆದಿರೋ ಸ್ಪ್ರೇ, ಅದೂ ಉರಿಯೋ ಮಾಲು. ಸಂಪಿನ ಅಂಚಲ್ಲಿರೋ ಸೀಲೆಂಟೂ ಸುಟ್ಟು ಹೋಗತ್ತೆ. ಕಾಯಿಸೋದರಲ್ಲಿ ಅರ್ಥ ಇಲ್ಲ ಅಂತಲ್ಲ, ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಎರಡು ಪಟ್ಟು ಹಿಗ್ಗತ್ತೆ, ಆದ್ರೆ ಲೆಕ್ಕ ಹಾಕಿ ನೋಡಿ: 14 ಎಂಎಂ ಬೋಲ್ಟಿಗೆ 60 ಡಿಗ್ರಿ ಬಿಸಿ ಏರಿದ್ರೆ ಸಿಗೋ ಸಡಿಲ ಒಂದು ಎಂಎಂನಲ್ಲಿ ನೂರನೇ ಒಂದು ಭಾಗ. ಅಷ್ಟಕ್ಕೆ ಇಂಜಿನ್ನನ್ನ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಕೈಗೆ ಚುರುಕು ಅನ್ನಿಸಿದ್ರೂ ಸುಡದಷ್ಟು ಆರಿದ ಮೇಲೆ ಕೆಲಸ ಮಾಡಿದ್ರೆ ಸಾಕು.

ಡ್ರಿಲ್ ನನ್ನ ಪಟ್ಟಿಯಲ್ಲಿ ಕೊನೇದೂ ಅಲ್ಲ, ಪಟ್ಟಿಯಲ್ಲೇ ಇಲ್ಲ. ಅಂಗಾತ ಮಲಗಿ ಕೈಯಲ್ಲಿ ಡ್ರಿಲ್ ಹಿಡಿದು ಬೋಲ್ಟಿನ ಸರಿಯಾದ ನಡುವಿಗೆ ತೂತು ಹೊಡೆಯೋದು ಅಷ್ಟು ಸುಲಭ ಅಲ್ಲ, ಸ್ವಲ್ಪ ಓರೆ ಹೋದ್ರೂ ಬಿಟ್ ಉಕ್ಕನ್ನ ಬಿಟ್ಟು ಮೆತ್ತಗಿರೋ ಅಲ್ಯೂಮಿನಿಯಂ ಕಡೆಗೆ ಜಾರತ್ತೆ, ಅಲ್ಲಿಗೆ ಥ್ರೆಡ್ ಕಥೆ ಮುಗೀತು, ಜೊತೆಗೆ ಉಕ್ಕಿನ ಪುಡಿ ಸಂಪ್ ಒಳಗೆ.

ಇಂಪ್ಯಾಕ್ಟ್ ಗನ್ ಬಗ್ಗೆ ಜನ ಒಂದೋ ದೇವರು ಅಂತಾರೆ ಇಲ್ಲ ದೆವ್ವ ಅಂತಾರೆ. ಸತ್ಯ ನಡುವೆ ಇದೆ. ಅದರ ಬಡಿತ ವಾಷರಿನ ಹಿಡಿತ ಬಿಡಿಸೋಕೆ ಒಳ್ಳೇದೇ. ಆದ್ರೆ ಸವೆದ ತಲೆ ಮೇಲೆ ಸಡಿಲ ಸಾಕೆಟ್ ಹಾಕಿ ಗನ್ ಒತ್ತಿದ್ರೆ ಎರಡೇ ಸೆಕೆಂಡಲ್ಲಿ ಉಳಿದ ಮೂಲೆಗಳೂ ಹೋಗತ್ವೆ, ಇದು ಮೊದಲನೇ ತೊಂದರೆ. ಎರಡನೇದು ದೊಡ್ಡದು. ಬೋಲ್ಟ್ ಬಿಟ್ಟ ಮೇಲೂ ಗನ್ ತಿರುಗಿಸ್ತಾನೇ ಇರತ್ತೆ, ಒಳಗೆ ಥ್ರೆಡ್ ಕಚ್ಕೊಳ್ತಿದ್ರೆ ನಿಮ್ಮ ಕೈಗೆ ಗೊತ್ತಾಗಲ್ಲ. ಕೆಲಸ ಕಲೀತಿದ್ದಾಗ ನಾನೇ ಒಂದು ಸಂಪನ್ನ ಹೀಗೆ ಹಾಳು ಮಾಡಿದೀನಿ, ಬೋಲ್ಟ್ ಚಕಚಕ ಅಂತ ಹೊರಗೆ ಬಂತು, ಖುಷಿಯಾಗಿ ನೋಡಿದ್ರೆ ಅದರ ಸುತ್ತ ಬೆಳ್ಳಗೆ ಸ್ಪ್ರಿಂಗ್ ಥರ ಅಲ್ಯೂಮಿನಿಯಂ ಥ್ರೆಡ್ ಪೂರ್ತಿ ಸುತ್ಕೊಂಡು ಬಂದಿತ್ತು.

ಸರಿ, ಈಗ ಕೆಲಸಕ್ಕೆ ಬರೋಣ. ಗಾಡಿ ಜಾಕ್ ಸ್ಟ್ಯಾಂಡ್ ಮೇಲೆ ಇರ್ಲಿ, ಬರೀ ಜಾಕ್ ಮೇಲೆ ಇದ್ರೆ ಕೆಳಗೆ ಹೋಗ್ಲೇಬೇಡಿ, ಇಲ್ಲಿ ಸುತ್ತಿಗೆ ಹೊಡೀತೀವಿ, ಜಗ್ಗಿ ಎಳೀತೀವಿ. ಸಾಧ್ಯ ಆದ್ರೆ ಮೊದಲು ಡಿಪ್‌ಸ್ಟಿಕ್ ಪೈಪಿಂದ ಕೈ ಪಂಪಲ್ಲಿ ಆಯಿಲ್ ಎಳೆದು ತೆಗೆದ್ಬಿಡಿ. ಎಲ್ಲ ಇಂಜಿನ್ನಲ್ಲೂ ಅದು ತಳದವರೆಗೆ ಎಳಿಯಲ್ಲ, ಆದ್ರೂ ಬಹುಪಾಲು ಬರತ್ತೆ. ಇದರಿಂದ ಏನು ಲಾಭ ಅಂದ್ರೆ, ಮುಂದೆ ಬೋಲ್ಟ್ ಅರ್ಧ ಬಿಚ್ಚಿದಾಗ ಬಿಸಿ ಆಯಿಲ್ ಮೊಣಕೈಗೆ ಸುರೀತಾ ಇರುವಾಗ ಗಾಬರಿಯಲ್ಲಿ ಬೋಲ್ಟನ್ನ ಗರಗರ ತಿರುಗಿಸೋ ಪ್ರಸಂಗ ಬರಲ್ಲ. ಥ್ರೆಡ್ ಉಳಿಸೋಕೆ ಬೇಕಾಗಿರೋದು ನಿಧಾನ, ಖಾಲಿ ಸಂಪ್ ಇದ್ರೆ ನಿಧಾನ ಮಾಡೋಕೆ ಆಗತ್ತೆ.

ಆಮೇಲೆ ಬೋಲ್ಟಿನ ತಲೆಯನ್ನ ವೈರ್ ಬ್ರಷಲ್ಲಿ ಉಜ್ಜಿ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಒಣಗಬೇಕು. ಮಾರ್ಕರ್ ಗೆರೆ ಅಳಿಸಿ ಹೋಗಿದ್ರೆ ಮತ್ತೆ ಎಳ್ಕೊಳ್ಳಿ. ಜಿಡ್ಡಿರೋ ತಲೆ ಮೇಲೆ ಯಾವ ಸಾಕೆಟ್ಟೂ ನಿಲ್ಲಲ್ಲ. ಒಣಗಿದ ಮೇಲೆ ವರ್ನಿಯರ್ ಇದ್ರೆ ಅಳತೆ ತಗೊಳ್ಳಿ. ನಿಮ್ಮ ರಿಂಗ್ ಸ್ಪಾನರ್ ಬಹುಶಃ ಹನ್ನೆರಡು ಮೂಲೆಯದ್ದು, ಅದು ಹಿಡಿಯೋದು ಬೋಲ್ಟಿನ ಮೂಲೆ ತುದಿಯನ್ನ, ಅದಕ್ಕೇ ಅದು ಮೂಲೆಗಳನ್ನೇ ತಿಂದ್ಹಾಕಿದ್ದು. ಆರು ಮೂಲೆ ಸಾಕೆಟ್ ಮೂಲೆಗಿಂತ ಸ್ವಲ್ಪ ಒಳಗೆ, ಚಪ್ಪಟೆ ಭಾಗವನ್ನ ಒತ್ತತ್ತೆ. ಎಷ್ಟೋ ಸಲ "ಪೂರ್ತಿ ಗುಂಡಗಾಗಿದೆ" ಅಂತ ಬಂದ ಬೋಲ್ಟಿನ ಚಪ್ಪಟೆ ಭಾಗ ಎದುರುಬದುರು ಇನ್ನೂ 16.8 ಎಂಎಂ ಇರತ್ತೆ, ಅಂಥದ್ದು ಒಳ್ಳೇ 17ರ ಆರು ಮೂಲೆ ಸಾಕೆಟ್ಟಿಗೇ ಬಂದಿದ್ದಿದೆ.

ಆದ್ರೆ ತಿರುಗಿಸೋ ಮುಂಚೆ ಆ ಅರ್ಧ ಹಿಡಿತವನ್ನ ಬಿಡಿಸ್ಬೇಕಲ್ಲ, ಅದಕ್ಕೆ ತಲೆಯ ನಡುವಿಗೆ ದಪ್ಪ ಚಪ್ಪಟೆ ಪಂಚ್ ಇಟ್ಟು ಸುತ್ತಿಗೆಯಲ್ಲಿ ನೇರವಾಗಿ ಆರೇಳು ಏಟು. ಅರ್ಧ ಕೆಜಿ ಸುತ್ತಿಗೆ ಸಾಕು, ಮೊಳೆ ಹೊಡೆಯೋ ಏಟು, ಗೋಡೆ ಒಡೆಯೋ ಏಟಲ್ಲ, ಎರಕದ ಅಲ್ಯೂಮಿನಿಯಂ ಬಾಗಲ್ಲ, ಬಿರುಕು ಬಿಡತ್ತೆ. ಈ ಏಟಿಗೆ ವಾಷರ್ ಮತ್ತು ತಲೆ ಕಚ್ಕೊಂಡಿರೋದು ಸಡಿಲ ಆಗತ್ತೆ, ಕೆಲವು ಸಲ ಏಟಿನ ಸದ್ದೇ ಬದಲಾಗತ್ತೆ, ಮೊದಲು ಮಂದವಾಗಿ ಬರ್ತಿದ್ದದ್ದು ಆಮೇಲೆ ಸ್ವಲ್ಪ ತೆಳು ಅನ್ಸತ್ತೆ.

17 ಹಿಡೀಲಿಲ್ಲ ಅಂದ್ರೆ ಅದರಲ್ಲಿ ಎರಡನೇ ಸಲ ಪ್ರಯತ್ನ ಮಾಡ್ಬೇಡಿ. ಜಾರಿದ ಪ್ರತಿ ಸಲವೂ ತಲೆಯಿಂದ ಸ್ವಲ್ಪ ಕಬ್ಬಿಣ ಹೋಗತ್ತೆ, ಆ ಕಬ್ಬಿಣವೇ ನಿಮ್ಮ ಹತ್ರ ಇರೋ ಬಂಡವಾಳ. ಮುಂದಿನದು, ಒಳಗಡೆ ಸುರುಳಿ ಹಲ್ಲಿರೋ ಬೋಲ್ಟ್ ಎಕ್ಸ್‌ಟ್ರಾಕ್ಟರ್ ಸಾಕೆಟ್. ಸವೆದ ತಲೆಗಂತ್ಲೇ ಮಾಡಿರೋದು, ಎಷ್ಟು ತಿರುಗಿಸ್ತೀರೋ ಅಷ್ಟು ಕಚ್ಕೊಳ್ಳತ್ತೆ. ಅದು ಸಿಗಲಿಲ್ಲ ಅಂದ್ರೆ 16ರ ಆರು ಮೂಲೆ ಸಾಕೆಟ್, ದಪ್ಪ ಗೋಡೆಯ ಇಂಪ್ಯಾಕ್ಟ್ ಸಾಕೆಟ್ ಆದ್ರೆ ಒಳ್ಳೇದು, ತೆಳ್ಳಗಿನದು ಸೀಳತ್ತೆ. 16 ಸುಮ್ನೆ ಕೂರಲ್ಲ, ಚಪ್ಪಟೆ ಅರದಲ್ಲಿ ಆರೂ ಬದಿ ಸ್ವಲ್ಪ ಸ್ವಲ್ಪ ಉಜ್ಜಿ, ಸಾಕೆಟ್ ಬಾಯಿ ಒಂದೆರಡು ಎಂಎಂ ಹತ್ತೋ ಹಾಗೆ ಮಾಡ್ಕೊಂಡು ಆಮೇಲೆ ಸುತ್ತಿಗೆಯಲ್ಲಿ ಬಡಿದು ಕೂರಿಸ್ಬೇಕು. ಯಾವುದೇ ಸಾಕೆಟ್ ಆಗ್ಲಿ ಪೂರ್ತಿ ಕೂತು ವಾಷರಿನ ಹತ್ತಿರಕ್ಕೆ ಹೋಗಿರ್ಬೇಕು, ಅರ್ಧ ಕೂತಿರೋದನ್ನ ತಿರುಗಿಸಿದ್ರೆ ಅದೂ ಜಾರತ್ತೆ.

ಸಾಕೆಟ್ ಜಾರೋದು ಬರೀ ಅಳತೆ ತಪ್ಪಿ ಅಲ್ಲ, ಓರೆಯಾಗಿ. ಉದ್ದ ಬಾರ್ ಎಳೆದಾಗ ಸಾಕೆಟ್ ಒಂದು ಕಡೆ ವಾಲತ್ತೆ, ವಾಲಿದ ಕಡೆ ತುದಿಯಲ್ಲಿ ಮಾತ್ರ ಹಿಡ್ಕೊಂಡು ಕಿತ್ಕೊಂಡು ಬರತ್ತೆ. ಅದಕ್ಕೆ ಒಂದು ಕೈ ಸಾಕೆಟ್ಟಿನ ಬೆನ್ನನ್ನ ಬೋಲ್ಟಿನ ಕಡೆಗೆ ಗಟ್ಟಿಯಾಗಿ ಒತ್ತಿ ಹಿಡೀಬೇಕು, ಇನ್ನೊಂದು ಕೈ ಬಾರ್ ಎಳೀಬೇಕು. ಬೋಲ್ಟ್ ನೆಲದ ಕಡೆ ಮುಖ ಮಾಡಿದ್ರೆ ಸಾಕೆಟ್ಟಿಗೆ ಒಂದು ಚಿಕ್ಕ ಎಕ್ಸ್‌ಟೆನ್ಷನ್ ಸಿಕ್ಕಿಸಿ, ಅದರ ಬೆನ್ನಿಗೆ ಮರದ ತುಂಡು ಕೊಟ್ಟು, ಇನ್ನೊಂದು ಚಿಕ್ಕ ಜಾಕನ್ನ ಬರೀ ತಾಗೋವಷ್ಟು ಏರಿಸಿ ಒತ್ತಡ ಕೊಡಬಹುದು. ಗಾಡಿ ಎತ್ತೋಕಲ್ಲ ಅದು, ಬೆರಳಲ್ಲಿ ಒತ್ತಿದಷ್ಟು ಸಾಕು.

ಬಲ ಎಷ್ಟು ಹಾಕ್ಬೇಕು ಅಂತ ಒಂದು ಅಂದಾಜು ಇರ್ಲಿ. ಇಂಥ ಬೋಲ್ಟ್ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್ ಬಿಗಿ ಇರ್ಬೇಕಾದದ್ದು. ನಿಮ್ಮದು ಅದರ ಎರಡು ಮೂರು ಪಟ್ಟು ಇರಬಹುದು. 40 ಸೆಂಟಿಮೀಟರ್ ಬಾರಿನ ತುದಿಗೆ 25 ಕೆಜಿ ಎಳೆದ್ರೆ ಸುಮಾರು 100 ನ್ಯೂಟನ್ ಮೀಟರ್ ಆಗತ್ತೆ, ಬಹಳಷ್ಟು ಬೋಲ್ಟ್ ಅಷ್ಟರೊಳಗೆ ಬಿಡತ್ವೆ. ಜರ್ಕ್ ಕೊಡ್ಬೇಡಿ, ನಿಧಾನ ಏರಿಸ್ತಾ ಹೋಗಿ.

ಇದೂ ಆಗಲಿಲ್ಲ ಅಂದ್ರೆ ಉಳಿಯೋದು ಎರಡು ದಾರಿ. ತಲೆಗೆ ಅಗಲ ಅಂಚಿದ್ರೆ ಆ ಅಂಚಲ್ಲಿ ಚೂಪು ಉಳಿಯಿಂದ ಒಂದು ಕಚ್ಚು ಮಾಡಿ, ಉಳಿಯನ್ನ ಓರೆ ಹಿಡಿದು ಬಿಚ್ಚೋ ದಿಕ್ಕಿಗೆ ತಟ್ತಾ ಹೋಗೋದು. ಏಟಿನ ಅದುರಾಟ ಮತ್ತು ತಿರುಗಾಟ ಎರಡೂ ಒಟ್ಟಿಗೆ ಸಿಗೋದ್ರಿಂದ ಇದು ಚೆನ್ನಾಗೇ ಕೆಲಸ ಮಾಡತ್ತೆ, ಆದ್ರೆ ಉಳಿ ಜಾರಿದ್ರೆ ನೇರ ಸಂಪಿಗೆ ಹೋಗಿ ಕೂರತ್ತೆ, ವಾಷರ್ ಕೂರೋ ಜಾಗದಲ್ಲಿ ಗೀರು ಬಿದ್ರೆ ಹೊಸ ಬೋಲ್ಟೂ ಸೋರತ್ತೆ. ಇನ್ನೊಂದು, ಸವೆದ ತಲೆ ಮೇಲೆ ಒಂದು ದೊಡ್ಡ ನಟ್ ಇಟ್ಟು ನಟ್ಟಿನ ತೂತಿನ ಒಳಗಡೆಯಿಂದ ವೆಲ್ಡ್ ಮಾಡೋದು. ಫಲಿತಾಂಶದ ದೃಷ್ಟಿಯಿಂದ ಇದಕ್ಕೆ ಸಾಟಿ ಇಲ್ಲ, ಹೊಸ ತಲೆಯೂ ಬಂತು, ಬಿಸಿಯೂ ಸರಿಯಾಗಿ ಬೋಲ್ಟಿಗೇ ಸಿಕ್ತು. ಆದ್ರೆ ಮನೇಲಿ ಮಲ್ಕೊಂಡು ಮಾಡೋ ಕೆಲಸ ಅಲ್ಲ ಇದು, ಆಯಿಲ್ ಖಾಲಿ ಮಾಡಿ, ಬ್ಯಾಟರಿ ಕಳಚಿ, ಜಿಡ್ಡು ಸ್ಪ್ರೇ ಎಲ್ಲ ಒರೆಸಿ, ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇಟ್ಕೊಂಡು ಗ್ಯಾರೇಜಿನವರು ಮಾಡ್ಬೇಕು. ಉಳಿಯಲ್ಲಿ ಕೈ ಪಳಗದೇ ಇರೋರು ಈ ಹಂತಕ್ಕೆ ಬಂದಾಗ ಗಾಡಿ ಓಡಿಸ್ಕೊಂಡು ಗ್ಯಾರೇಜಿಗೆ ಹೋಗೋದೇ ಜಾಣತನ. ಹೊರಡೋ ಮುಂಚೆ ಆಯಿಲ್ ವಾಪಸ್ ತುಂಬಿ, ಲೆವೆಲ್ ನೋಡಿ. ನಗಬೇಡಿ, ಮರೆತು ಸ್ಟಾರ್ಟ್ ಮಾಡಿದವರಿದ್ದಾರೆ.

ಈಗ ಬೋಲ್ಟ್ ಬಿಡ್ತು ಅಂತ ಇಟ್ಕೊಳ್ಳಿ. ಎಲ್ಲರೂ ಇಲ್ಲಿಗೆ ಗೆದ್ದೆವು ಅಂದ್ಕೋತಾರೆ, ನನ್ನ ಪ್ರಕಾರ ಥ್ರೆಡ್ ಉಳಿಯೋದು ಹೋಗೋದು ತೀರ್ಮಾನ ಆಗೋದು ಇಲ್ಲಿಂದ ಮುಂದೆ. ಬಿಡುವಾಗ "ಟಕ್" ಅಂತ ಒಂದು ಸದ್ದಾಗಿ ತಕ್ಷಣ ಹಗುರ ಆಯ್ತಾ? ಒಳ್ಳೇದು, ಥ್ರೆಡ್ ಸರಿ ಇದೆ, ಬೆರಳಲ್ಲೇ ಬಿಚ್ಚಿ. ಸದ್ದಿಲ್ಲದೆ ಮೆತ್ತಗೆ, ಒದ್ದೆ ಮಣ್ಣಲ್ಲಿ ತಿರುಗಿಸಿದ ಹಾಗೆ, ಬಾರ್ ಬಿಟ್ರೆ ಸ್ವಲ್ಪ ವಾಪಸ್ ಬರೋ ಹಾಗೆ ತಿರುಗ್ತಿದೆಯಾ? ನಿಲ್ಲಿಸಿ. ಅಲ್ಯೂಮಿನಿಯಂ ಉಕ್ಕಿಗೆ ಕಚ್ಕೊಂಡು ಹರೀತಾ ಇದೆ. ಹಾಗೇ ಎಳೆದ್ರೆ ಹರಿದ ಚೂರು ಮುಂದಿನ ಸುತ್ತಿನಲ್ಲಿ ಸಿಕ್ಕಾಕ್ಕೊಂಡು ಅದನ್ನೂ ಹರಿಯತ್ತೆ, ಹೀಗೆ ಸಾಲಾಗಿ ಎಲ್ಲವೂ.

ಇಂಥ ಒಂದು ಗಾಡಿ ನಮ್ಮ ಗ್ಯಾರೇಜಿಗೆ ಬಂದಿತ್ತು, ನಿಮ್ಮ ಹಾಗೇ 17ರ ತಲೆ, 14 ಎಂಎಂ ಬೋಲ್ಟ್, ಒಂದು ಸುತ್ತಿಗೆ 1.5 ಎಂಎಂ ಸಾಗೋ ಥ್ರೆಡ್. ಎಕ್ಸ್‌ಟ್ರಾಕ್ಟರ್ ಸಾಕೆಟ್ಟಿಗೆ ಬೋಲ್ಟ್ ಬಿಡ್ತು, ಮುಕ್ಕಾಲು ಸುತ್ತು ಚೆನ್ನಾಗಿ ಬಂತು, ಆಮೇಲೆ ಕ್ರಮೇಣ ಬಿಗಿ ಆಗ್ತಾ ಹೋಯ್ತು. ಹುಡುಗ ಇನ್ನೂ ಜೋರು ಹಾಕೋಕೆ ಹೋದ, ಬೇಡ ಅಂತ ಹೇಳಿ ಅರ್ಧ ಸುತ್ತು ವಾಪಸ್ ಒಳಗೆ ತಿರುಗಿಸಿದ್ವಿ. ಈಗ ತಲೆಗೂ ಸಂಪಿಗೂ ನಡುವೆ ಸಣ್ಣ ಸಂದು ಬಿದ್ದಿತ್ತು ನೋಡಿ, ವಾಷರ್ ಸಡಿಲ ಆಗಿತ್ತು, ಪೆನಿಟ್ರೇಟಿಂಗ್ ಆಯಿಲ್ ಉಪಯೋಗಕ್ಕೆ ಬರೋ ಹೊತ್ತು ಇದು. ತೆಳು ನಳಿಗೆಯಿಂದ ಸಂದಿಗೆ ಹೊಡೆದು ಐದು ನಿಮಿಷ ಬಿಟ್ವಿ. ಆಮೇಲೆ ಎಂಟನೇ ಒಂದು ಸುತ್ತು ಹೊರಗೆ, ಬಿಗಿ ಅನ್ನಿಸಿದ ಕೂಡ್ಲೇ ಅಷ್ಟೇ ಒಳಗೆ, ಮತ್ತೆ ಹೊರಗೆ ಸ್ವಲ್ಪ ಜಾಸ್ತಿ. ತೂತಿಗೆ ಥ್ರೆಡ್ ಕೊಯ್ಯೋ ಟ್ಯಾಪ್ ಹೊಡೆಯುವಾಗ ಚೂರು ಮುರಿಯೋಕೆ ಹಿಂದೆ ತಿರುಗಿಸ್ತೀವಲ್ಲ, ಅದೇ ಲೆಕ್ಕ, ಸಿಕ್ಕಾಕ್ಕೊಂಡ ಚೂರು ಪುಡಿಯಾಗಿ ದಾರಿ ಬಿಡತ್ತೆ. ಎಂಟು ಸುತ್ತು ಬಿಚ್ಚೋಕೆ ನಲವತ್ತು ನಿಮಿಷ ಹಿಡೀತು. ಹೊರಗೆ ಬಂದ ಬೋಲ್ಟಿನ ಬುಡದ ಒಂದೆರಡು ಸುತ್ತಿನಲ್ಲಿ ಬೆಳ್ಳಿ ಬಣ್ಣದ ಚೂರು ಅಂಟಿತ್ತು, ಉಳಿದ ಸುತ್ತುಗಳು ಶುದ್ಧ. ಅಂದ್ರೆ ಸಂಪಿನ ಬಾಯಿ ಹತ್ತಿರದ ಎರಡು ಥ್ರೆಡ್ ಹೋಗಿತ್ತು, ಒಳಗಿನದೆಲ್ಲ ಉಳ್ಕೊಂಡಿತ್ತು. ಅದೇ ಸಂಪಿಗೆ ಹೊಸ ಬೋಲ್ಟ್ ಹಾಕಿ ಕಳಿಸಿದ್ವಿ, ಮುಂದಿನ ಸರ್ವೀಸಿಗೆ ಬಂದಾಗಲೂ ಒಣಗೇ ಇತ್ತು.

ನಿಮ್ಮ ಬೋಲ್ಟ್ ಏನಾದ್ರೂ ಬಿಟ್ಟ ಮೇಲೆ ಬರೀ ಸುತ್ತುತ್ತಾ ಇದ್ದು ಹೊರಗೆ ಬರ್ಲಿಲ್ಲ ಅಂದ್ರೆ ಅದು ಎರಡನೇ ರೋಗ. ಗೆರೆ ತಿರುಗ್ತಾ ಇರತ್ತೆ, ಸಂದು ಮಾತ್ರ ಅಷ್ಟೇ ಇರತ್ತೆ. ಆಗ ತಲೆ ಮತ್ತು ಸಂಪ್ ನಡುವಿನ ಸಂದಿಗೆ ತೆಳು ಸ್ಕ್ರೂಡ್ರೈವರ್ ತೂರಿಸಿ, ಸಂಪಿಗೆ ಗೀರು ಬೀಳದ ಹಾಗೆ ಕೆಳಗೆ ಒಂದು ತಗಡಿನ ಚೂರು ಕೊಟ್ಟು, ಹೊರಗಡೆಗೆ ಮೀಟಿಕೊಂಡೇ ಬಿಚ್ಚೋ ದಿಕ್ಕಿಗೆ ತಿರುಗಿಸಿ. ಒಳಗೆ ಉಳಿದಿರೋ ಒಂದೆರಡು ಒಳ್ಳೇ ಥ್ರೆಡ್ಡಿಗೆ ಬೋಲ್ಟ್ ಒರಗಿದ್ರೆ ಸಾಕು, ಮೆಟ್ಟಿಲು ಸಿಕ್ಕಿದ ಹಾಗೆ ಹತ್ಕೊಂಡು ಬರತ್ತೆ. ವೈಸ್ ಗ್ರಿಪ್ಪಲ್ಲಿ ಹಿಡಿದು ಎಳೀತಾ ತಿರುಗಿಸಿದ್ರೂ ಆಗತ್ತೆ.

ಬಂದ ಮೇಲೆ ತೂತನ್ನ ಒರೆಸಿ ಟಾರ್ಚ್ ಬಿಟ್ಟು ನೋಡಿ. ಹೊಸ ಬೋಲ್ಟನ್ನ ಬರಿಗೈ ಬೆರಳಲ್ಲಿ ಹಾಕಿ, ಐದಾರು ಸುತ್ತು ಪಾನಾ ಇಲ್ಲದೆ ಹೋದ್ರೆ ಥ್ರೆಡ್ ಉಳಿದಿದೆ ಅಂತ ಅರ್ಥ. ಒಂದೆರಡು ಸುತ್ತಿಗೆ ತಡೆದ್ರೆ ಬಲವಂತ ಮಾಡ್ಬೇಡಿ, ಥ್ರೆಡ್ ಚೇಸರ್ ಹಾಕಿ. ಟ್ಯಾಪ್ ಬೇರೆ, ಚೇಸರ್ ಬೇರೆ, ಟ್ಯಾಪ್ ಹೊಸದಾಗಿ ಕತ್ತರಿಸತ್ತೆ, ಇರೋ ಅಷ್ಟು ಲೋಹವನ್ನೂ ತೆಗೆಯತ್ತೆ, ಚೇಸರ್ ಮಡಚಿದ್ದನ್ನ ನೇರ ಮಾಡತ್ತೆ. ಚೇಸರ್ ಇಲ್ಲಾಂದ್ರೆ ಅದೇ ಅಳತೆಯ ಇನ್ನೊಂದು ಬೋಲ್ಟ್ ತಗೊಂಡು ಗರಗಸದಲ್ಲಿ ಉದ್ದಕ್ಕೆ ಎರಡು ಕಚ್ಚು ಕೊಯ್ದು, ಅಂಚು ಅರದಲ್ಲಿ ಉಜ್ಜಿ, ಕಚ್ಚಿಗೆ ಗ್ರೀಸ್ ತುಂಬಿ ಬೆರಳಲ್ಲಿ ಹಾಕಿ ತೆಗೀರಿ, ಚೂರೆಲ್ಲ ಗ್ರೀಸಿಗೆ ಅಂಟ್ಕೊಂಡು ಬರತ್ತೆ. ಕೊನೇಗೆ ತೂತು ತೆರೆದಿಟ್ಟೇ ಮೇಲಿಂದ ಅರ್ಧ ಲೀಟರ್ ಹೊಸ ಆಯಿಲ್ ಸುರಿದು ಹರಿಯೋಕೆ ಬಿಡಿ, ಒಳಗೆ ಬಿದ್ದ ಪುಡಿ ಆದಷ್ಟು ತೊಳ್ಕೊಂಡು ಹೋಗತ್ತೆ.

ಥ್ರೆಡ್ ನಿಜವಾಗ್ಲೂ ಹೋಗಿದ್ರೂ ಸಂಪ್ ಬದಲಾಯಿಸೋದು ಕೊನೇ ಮಾತು. ಬಾಯಿ ಹತ್ರ ಮಾತ್ರ ಹೋಗಿದ್ದು ಒಳಗೆ ಹಳೇ ಬೋಲ್ಟ್ ಮುಟ್ಟದ ಥ್ರೆಡ್ ಉಳಿದಿದ್ರೆ ಸ್ವಲ್ಪ ಉದ್ದದ ಬೋಲ್ಟ್ ಸಾಕಾಗಬಹುದು, ಒಳಗೆ ಆಯಿಲ್ ಪಂಪಿನ ಜಾಲರಿಗೆ ತಾಗಬಾರದು ಅಷ್ಟೇ. ಪೂರ್ತಿ ಹೋಗಿದ್ರೆ ನಾನು ಹಾಕಿಸೋದು ಉಕ್ಕಿನ ಗಟ್ಟಿ ಬುಷ್ ಇನ್ಸರ್ಟ್, ತೂತು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊಯ್ದು, ಒಳಗೆ ಬುಷ್ ಕೂರಿಸ್ತಾರೆ, ಮೂಲ ಬೋಲ್ಟಿನ ಅಳತೆಯೇ ಉಳಿಯತ್ತೆ, ಪದೇ ಪದೇ ಬಿಚ್ಚಿ ಹಾಕೋಕೆ ಮೊದಲಿನದಕ್ಕಿಂತ ಗಟ್ಟಿ. ತಂತಿ ಸುರುಳಿಯ ಹೆಲಿಕಾಯಿಲ್ಲೂ ನಡೆಯತ್ತೆ, ಆದ್ರೆ ಸುರುಳಿ ಹಿಂದಿನಿಂದ ಆಯಿಲ್ ಜಿನುಗದ ಹಾಗೆ ಸೀಲೆಂಟ್ ಹಾಕಿ ಕೂರಿಸ್ಬೇಕು. ತಾನೇ ಥ್ರೆಡ್ ಕೊಯ್ಕೊಂಡು ಹೋಗೋ ಓವರ್‌ಸೈಜ್ ಬೋಲ್ಟ್ ಅಂತ ಸಿಗತ್ತಲ್ಲ, ನನಗೆ ಅದು ಇಷ್ಟ ಇಲ್ಲ. ಒಂದು ಸಲ ಓರೆ ಹೋದ್ರೆ ಮುಗೀತು, ವಾಷರ್ ಸಮ ಕೂರಲ್ಲ, ಮತ್ತೆ ಬುಷ್ ಹಾಕೋಕೂ ಜಾಗ ಕಮ್ಮಿ ಆಗತ್ತೆ. ಬೋಲ್ಟಿಗೆ ಸೀಲೆಂಟ್ ಮೆತ್ತೋದು, ಟೆಫ್ಲಾನ್ ಟೇಪ್ ಸುತ್ತೋದು ಎರಡೂ ಬೇಡ, ಸೋರದೇ ತಡೆಯೋದು ವಾಷರೇ ಹೊರತು ಥ್ರೆಡ್ ಅಲ್ಲ, ಮತ್ತೆ ಆ ಟೇಪಿನ ಚಿಂದಿ ಒಳಗೆ ಹೋಗಿ ಪಂಪಿನ ಜಾಲರಿಗೆ ಅಂಟತ್ತೆ.

ಹೊಸ ಬೋಲ್ಟ್, ಹೊಸ ವಾಷರ್, ಎರಡನ್ನೂ ಕೆಲಸ ಶುರು ಮಾಡೋ ಮುಂಚೆಯೇ ತಂದಿಟ್ಕೊಂಡಿರಿ. ಬೋಲ್ಟ್ ತರುವಾಗ ತಲೆ ಅಳತೆ ಒಂದೇ ನೋಡ್ಬೇಡಿ, ಒಂದೇ ದಪ್ಪದ ಬೋಲ್ಟಲ್ಲಿ 1.25 ಮತ್ತು 1.5 ಎರಡೂ ಥ್ರೆಡ್ ಬರತ್ತೆ, ತಪ್ಪಿದ್ದು ಒಂದೂವರೆ ಸುತ್ತು ಹೋಗಿ ಬಿಗಿ ಆಗತ್ತೆ, "ಹೊಸದಲ್ವಾ, ಬಿಗಿ ಇರತ್ತೆ" ಅಂತ ತಿರುಗಿಸಿದ್ರೆ ಇಷ್ಟೆಲ್ಲ ಕಷ್ಟಪಟ್ಟು ಉಳಿಸಿದ ಥ್ರೆಡ್ ಅಲ್ಲೇ ಹೋಯ್ತು. ನಿಮ್ಮ ಗಾಡಿ ಪುಸ್ತಕದಲ್ಲಿರೋ ಟಾರ್ಕಿಗೆ ಬಿಗಿ ಮಾಡಿ. 30 ನ್ಯೂಟನ್ ಮೀಟರ್ ಅಂದ್ರೆ ಎಷ್ಟು ಅಂತ ಕೈಗೆ ಗೊತ್ತಾಗ್ಬೇಕಾದ್ರೆ, ಒಂದಡಿ ಉದ್ದದ ರೆಂಚಿನ ತುದಿಗೆ 10 ಕೆಜಿ ನೇತುಹಾಕಿದಷ್ಟು, ಅಷ್ಟೇ. ಮೊದಲನೇ ಸಲ ಮಾಡಿದವರಿಗೆಲ್ಲ "ಇಷ್ಟೇನಾ?" ಅನ್ಸತ್ತೆ. ಆಯಿಲ್ ತುಂಬಿ, ಹತ್ತು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡಿ, ಬೋಲ್ಟಿನ ಕೆಳಗೆ ಒಣಗಿದ ಪೇಪರ್ ಒತ್ತಿ ನೋಡಿ. ಕಲೆ ಬಿತ್ತು ಅಂದ್ರೆ ಇನ್ನೊಂದು ಕಾಲು ಸುತ್ತು ಎಳಿಯೋಕೆ ಹೋಗ್ಬೇಡಿ, ವಾಷರ್ ಕೂತಿರೋ ಜಾಗ ನೋಡಿ.